ಮಾದರಿಯ ಬೆಲೆ, ಮಗುವಿನ ಅರಿವು: ಶಾಲಾ ವಿಜ್ಞಾನ ಪ್ರದರ್ಶನದ ಅಂಕಪತ್ರಿಕೆಯಲ್ಲಿ ‘ಮಿತವ್ಯಯ’ ಎಂಬ ಮಾನದಂಡದ ಮರುಪರಿಶೀಲನೆ

ಶಾಲಾ ವಿಜ್ಞಾನ ಪ್ರದರ್ಶನದಲ್ಲಿ ದುಬಾರಿ ಮಾದರಿಗಳೇ ಬಹುಮಾನ ಪಡೆಯುತ್ತವೆ ಎಂಬ ದೂರು ಹಳೆಯದು. ಅದಕ್ಕೆ ಸೂಚಿಸುವ ಪರಿಹಾರವೂ ಹಳೆಯದೇ: ಕಡಿಮೆ ಖರ್ಚಿನ ಮಾದರಿಗೆ ಪ್ರತ್ಯೇಕ ಅಂಕ ಕೊಡಬೇಕು, ಕುಸುರಿ ಕೆಲಸದ ಅಂಕ ಇಳಿಸಬೇಕು. ಅಂಕಪತ್ರಿಕೆ ಸರಿಯಾಗಿ ಹಂಚಿಕೆಯಾದರೆ ತೀರ್ಪೂ ಸರಿಯಾಗುತ್ತದೆ ಎಂಬುದು ಈ ಪರಿಹಾರದ ಹಿಂದಿರುವ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ನಿಜ ಎಂದು ಈ ಲೇಖನ ವಾದಿಸುತ್ತದೆ. ಚರ್ಚೆಗೆ ಆಧಾರವಾಗಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ (ಎನ್‌ಸಿಇಆರ್‌ಟಿ) ಮಾರ್ಗಸೂಚಿಯನ್ನು ತೆಗೆದುಕೊಂಡಿದ್ದೇನೆ. ಉದಾಹರಣೆಗಳನ್ನು ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಮಕ್ಕಳಿಗೆ ಕೈಗೆಟಕುವ ವಸ್ತುಗಳಿಂದ ಆರಿಸಿದ್ದೇನೆ.

ಈವರೆಗಿನ ಕ್ರಮಗಳ ಪರಿಚಯವನ್ನು ಚುಟುಕಾಗಿ ಮುಗಿಸಬಹುದು. ಎನ್‌ಸಿಇಆರ್‌ಟಿ ನಡೆಸುವ ರಾಷ್ಟ್ರೀಯ ಪ್ರದರ್ಶನ ಮೊದಲು ಜವಾಹರಲಾಲ್ ನೆಹರೂ ಅವರ ಹೆಸರಿನಲ್ಲಿತ್ತು, ಈಗ ರಾಷ್ಟ್ರೀಯ ಬಾಲ ವೈಜ್ಞಾನಿಕ ಪ್ರದರ್ಶನಿ ಎನಿಸಿಕೊಂಡಿದೆ. ದಕ್ಷಿಣದ ರಾಜ್ಯಗಳಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಂಘಟಿಸುವ ದಕ್ಷಿಣ ಭಾರತ ವಿಜ್ಞಾನ ಮೇಳವಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್-ಮಾನಕ್ ಯೋಜನೆ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ಕೊಡುತ್ತದೆ. ಅಲ್ಲಿ ಮೊದಲು ಕಾಗದದ ಮೇಲಿನ ಆಲೋಚನೆಯನ್ನು ನೋಡಿ ಆರಿಸುತ್ತಾರೆ, ಹಣ ಆಮೇಲೆ ಬರುತ್ತದೆ. ಈ ಅನುಕ್ರಮದ ಮಹತ್ವ ಮುಂದೆ ಸ್ಪಷ್ಟವಾಗುತ್ತದೆ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಬೇರೆಯೇ ದಾರಿಯದು. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಊರೂರಿಗೆ ಒಯ್ದಿತು. ಅಲ್ಲಿ ಕೇಂದ್ರದಲ್ಲಿರುವುದು ಮಾದರಿಯಲ್ಲ. ಸುತ್ತಲಿನ ಒಂದು ಸಮಸ್ಯೆಯನ್ನು ಮಕ್ಕಳು ಅಳೆದು, ಬರೆದು, ವರದಿ ಮಾಡಿ ಮಂಡಿಸಬೇಕು, ದಿನಚರಿ ಪುಸ್ತಕವನ್ನೂ ತರಬೇಕು. ಅರಿವಿಗೆ ಮನ್ನಣೆ ಸಿಗಬೇಕು ಎಂಬ ಬಗ್ಗೆ ಇವುಗಳಲ್ಲಿ ಯಾವುದಕ್ಕೂ ತಕರಾರಿಲ್ಲ. ಅರಿವನ್ನು ಅಂಕವಾಗಿಸುವುದು ಹೇಗೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

ಎನ್‌ಸಿಇಆರ್‌ಟಿ ಮಾರ್ಗಸೂಚಿ ನೂರು ಅಂಕಗಳನ್ನು ಏಳು ಭಾಗ ಮಾಡುತ್ತದೆ. ಮಕ್ಕಳ ಜಾಣ್ಮೆ ಮತ್ತು ಕಲ್ಪನೆಗೆ 20. ಸ್ವಂತಿಕೆ ಮತ್ತು ಹೊಸತನಕ್ಕೆ 15, ವೈಜ್ಞಾನಿಕ ಚಿಂತನೆ, ತತ್ತ್ವ, ವಿಧಾನಕ್ಕೆ 15, ತಾಂತ್ರಿಕ ಕೌಶಲ ಮತ್ತು ಕರಕುಶಲಕ್ಕೆ 15, ಸಮಾಜಕ್ಕೂ ಕಲಿಕೆಗೂ ಆಗುವ ಉಪಯೋಗಕ್ಕೆ 15. ಕಡಿಮೆ ಖರ್ಚು, ಸಾಗಿಸುವ ಅನುಕೂಲ, ಬಾಳಿಕೆ ಇವುಗಳಿಗೆ ಒಟ್ಟಾಗಿ 10. ಪ್ರದರ್ಶಿಸಿ ವಿವರಿಸುವುದಕ್ಕೆ 10. ತಾಲೂಕು ಮತ್ತು ಶಾಲಾ ಮಟ್ಟದ ಪತ್ರಿಕೆಗಳು ಇದನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುವುದು ಸಾಮಾನ್ಯ. ಕಾಗದದ ಮೇಲೆ ಇದು ಅರಿವಿನ ಪರವಾಗಿಯೇ ಇದೆ. ಜಾಣ್ಮೆ, ಸ್ವಂತಿಕೆ, ಚಿಂತನೆ ಮೂರೂ ಸೇರಿ 50 ಅಂಕ. ಕರಕುಶಲಕ್ಕೆ ಅದರ ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ.

ನನ್ನ ಮೊದಲ ಆಕ್ಷೇಪ ಆರನೆಯ ಭಾಗದ ಮೇಲೆ. ಅಲ್ಲಿ ಕಡಿಮೆ ಖರ್ಚು ಮತ್ತು ಬಾಳಿಕೆ ಒಂದೇ ಹತ್ತು ಅಂಕವನ್ನು ಹಂಚಿಕೊಂಡಿವೆ. ರಟ್ಟಿನಿಂದ ಮಾಡಿದ ಮಾದರಿಗೆ ಖರ್ಚು ಕಡಿಮೆ, ಬಾಳಿಕೆಯೂ ಕಡಿಮೆ. ಅದನ್ನೇ ಅಕ್ರಿಲಿಕ್ ಹಾಳೆಯಲ್ಲಿ ಮಾಡಿಸಿದರೆ ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಒಂದಕ್ಕೆ ಕೊಟ್ಟ ಅಂಕವನ್ನು ಇನ್ನೊಂದು ಕಿತ್ತುಕೊಳ್ಳುವುದರಿಂದ ಹೆಚ್ಚಿನ ಮಾದರಿಗಳು ಐದು-ಆರರ ಆಸುಪಾಸಿನಲ್ಲೇ ನಿಲ್ಲುತ್ತವೆ. ಇದಲ್ಲದೆ, ಖರ್ಚನ್ನು ಪರೀಕ್ಷಿಸುವ ದಾರಿ ತೀರ್ಪುಗಾರರಿಗಿಲ್ಲ. ಮಗು ಹೇಳಿದ ಮೊತ್ತವನ್ನೇ ನಂಬಬೇಕು. ಸಾವಿರಾರು ರೂಪಾಯಿಯ ಮಾದರಿಯ ಮುಂದೆಯೂ ‘ಬಿಸಾಕಿದ ಸಾಮಾನಿನಿಂದ ಮಾಡಿದ್ದು’ ಎಂಬ ಚೀಟಿ ಅಂಟಿಸಲು ಯಾರ ಅಡ್ಡಿಯೂ ಇಲ್ಲ. ದುಬಾರಿ ಮಾದರಿಯನ್ನು ತಡೆಯಲೆಂದೇ ಇಟ್ಟ ಮಾನದಂಡ ಹೀಗೆ ಯಾರನ್ನೂ ತಡೆಯುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳದ್ದು, ವಿವರವಾಗಿಯೇ ಹೇಳಬೇಕಾದದ್ದು. ಪತ್ರಿಕೆಯಲ್ಲಿ ಬರೆದ ಗರಿಷ್ಠ ಅಂಕ ಮತ್ತು ಫಲಿತಾಂಶವನ್ನು ನಿರ್ಧರಿಸುವ ನಿಜವಾದ ತೂಕ ಬೇರೆಬೇರೆ. ಯಾವುದೇ ಮಾನದಂಡ ಸ್ಪರ್ಧಿಗಳ ಕ್ರಮವನ್ನು ಎಷ್ಟು ಬದಲಿಸುತ್ತದೆ ಎಂಬುದು ಅದರ ಗರಿಷ್ಠದಿಂದ ಗೊತ್ತಾಗುವುದಿಲ್ಲ. ತೀರ್ಪುಗಾರರು ಅದರಲ್ಲಿ ಕೊಟ್ಟ ಅಂಕಗಳು ಎಷ್ಟು ಅಗಲಕ್ಕೆ ಹರಡಿವೆ ಎಂಬುದನ್ನು ನೋಡಬೇಕು. ಮಾಪನಶಾಸ್ತ್ರದಲ್ಲಿ ಇದು ಚೆನ್ನಾಗಿ ತಿಳಿದ ಸಂಗತಿ. ನಮ್ಮ ಪ್ರದರ್ಶನಗಳ ಚರ್ಚೆಗೆ ಬಂದದ್ದು ಕಡಿಮೆ. ‘ವೈಜ್ಞಾನಿಕ ಚಿಂತನೆ’ ಎಂಬ ಅಂಕಣದಲ್ಲಿ ತೀರ್ಪುಗಾರರು ಎಲ್ಲರಿಗೂ 15ಕ್ಕೆ 10, 11 ಅಥವಾ 12 ಕೊಟ್ಟರು ಎಂದುಕೊಳ್ಳಿ. ಎಂಟನೆಯ ತರಗತಿಯ ಮಗುವಿಗೆ ‘ಚಿಂತನೆ 3’ ಎಂದು ಬರೆಯಲು ಯಾರ ಕೈಯೂ ಮುಂದಾಗುವುದಿಲ್ಲ. ಐದು ನಿಮಿಷದಲ್ಲಿ ಆ ಮಾತನ್ನು ಸಮರ್ಥಿಸುವ ಆಧಾರವೂ ಸಿಕ್ಕಿರುವುದಿಲ್ಲ. ಕರಕುಶಲದ ಅಂಕಣದಲ್ಲಿ ಅದೇ ತೀರ್ಪುಗಾರರು 5ರಿಂದ 14ರವರೆಗೆ ಧೈರ್ಯವಾಗಿ ಓಡಾಡುತ್ತಾರೆ, ಏಕೆಂದರೆ ಅಂಟು ಕಿತ್ತ ರಟ್ಟೂ ನಯವಾಗಿ ಬಣ್ಣ ಬಳಿದ ಹಲಗೆಯೂ ಕಣ್ಣಿಗೆ ನೇರವಾಗಿ ಕಾಣುತ್ತವೆ. ಎರಡಕ್ಕೂ ಪತ್ರಿಕೆಯಲ್ಲಿ 15 ಅಂಕವೇ ಇದೆ. ಆದರೆ ಮೊದಲನೆಯದು ಸ್ಪರ್ಧಿಗಳ ನಡುವೆ ಹೆಚ್ಚೆಂದರೆ 2 ಅಂಕದ ಅಂತರ ತಂದಿತು, ಎರಡನೆಯದು 9 ಅಂಕದ ಅಂತರ ತಂದಿತು. ಬಹುಮಾನ ಯಾರಿಗೆ ಎಂಬುದನ್ನು ಎರಡನೆಯದೇ ಹೇಳಿತು.

ಇದರ ಜೊತೆಗೆ ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವುಗಳಿಗೆ ಪ್ರತ್ಯೇಕವಾಗಿ ಕೊಟ್ಟ ಅಂಕಗಳು ಒಂದಕ್ಕೊಂದು ನಂಬಲಾಗದಷ್ಟು ಹತ್ತಿರವಾಗಿದ್ದವು. ಒಬ್ಬ ವ್ಯಕ್ತಿಯ ಬಗ್ಗೆ ಮೂಡಿದ ಒಟ್ಟು ಅಭಿಪ್ರಾಯ ಎಲ್ಲ ಅಂಕಣಗಳಿಗೂ ಹರಿದಿತ್ತು. ಪ್ರದರ್ಶನದ ಹಾಲ್‌ನಲ್ಲೂ ತೀರ್ಪುಗಾರರು ಮೊದಲು ನೋಡುವುದು ಮಾದರಿಯನ್ನು. ದೀಪಗಳು ಮಿನುಗುವ, ನೀರು ಹರಿಯುವ ಮಾದರಿಯ ಎದುರು ನಿಂತಾಗ ಮೂಡಿದ ಮೆಚ್ಚುಗೆ ಮಗು ಬಾಯಿ ತೆರೆಯುವ ಮೊದಲೇ ‘ಜಾಣ್ಮೆ’, ‘ಸ್ವಂತಿಕೆ’ ಅಂಕಣಗಳನ್ನು ಮುಟ್ಟಿರುತ್ತದೆ. ಹಾಗಾಗಿ ಕರಕುಶಲದ ಅಂಕ ಇಳಿಸಿದರೂ ಅದರ ಪ್ರಭಾವ ಇಳಿಯದು. ಬೇರೆ ಅಂಕಣಗಳ ಹೆಸರಿನಲ್ಲಿ ಅದು ಉಳಿದುಕೊಳ್ಳುತ್ತದೆ.

ಎರಡು ಮಾದರಿಗಳನ್ನು ಕಲ್ಪಿಸಿಕೊಂಡು ಈ ವಾದವನ್ನು ಪರೀಕ್ಷಿಸೋಣ. ಅಂಕಗಳು ನಾನು ಊಹಿಸಿದವು. ಭೌತಿಕ ಲೆಕ್ಕಗಳು ಮಾತ್ರ ಯಾರು ಮಾಡಿದರೂ ಹೀಗೆಯೇ ಬರುತ್ತವೆ.

ಮೊದಲನೆಯದು ಆಲಮಟ್ಟಿ ಅಣೆಕಟ್ಟಿನ ಮಾದರಿ. ಹಿನ್ನೀರಿಗೆ ಹಳೆಯ ಪೇಟೆಯ ಒಂದು ಭಾಗವನ್ನು ಬಿಟ್ಟುಕೊಟ್ಟ ಬಾಗಲಕೋಟೆಯ ಮಕ್ಕಳಿಗೆ ಈ ವಿಷಯ ಹೊರಗಿನದಲ್ಲ. ಹಲಗೆಯ ಮೇಲೆ ಅಣೆಕಟ್ಟು, ಗೇಟುಗಳು, ಅದರ ಕೆಳಗೆ ಸಣ್ಣ ತಿರುಗುಚಕ್ರ, ಒಂದು ಸಾಲು ಎಲ್‌ಇಡಿ ದೀಪ, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ಮೋಟಾರು. ಎರಡನೆಯದರಲ್ಲಿ ಮಾದರಿ ಎನ್ನುವಂಥದ್ದೇನೂ ಇಲ್ಲ. ಬಾದಾಮಿ ಕಡೆಯ ಮರಳುಗಲ್ಲಿನ ಒಂದು ತುಂಡು, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದ ಹೊರಗೆ ಬಿದ್ದಿದ್ದ ಒಂದು ತುಂಡು, ಒಂದು ಬಕೆಟ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ನೋಟ್‌ಬುಕ್. ಯಾವ ಕಲ್ಲು ಎಷ್ಟು ನೀರು ಹೀರುತ್ತದೆ ಎಂಬುದು ಪ್ರಶ್ನೆ. (ಮರಳುಗಲ್ಲನ್ನು ಹಳೆಯ ಮನೆ ಕೆಡವಿದ ಕಡೆಯಿಂದ ತರಬೇಕು, ಗುಹೆಗಳು ಮತ್ತು ಗುಡಿಗಳ ಸುತ್ತಿನ ಸಂರಕ್ಷಿತ ಜಾಗದಿಂದ ಒಂದು ಚೂರನ್ನೂ ಎತ್ತಬಾರದು. ಇದನ್ನು ಮಾರ್ಗದರ್ಶಿ ಶಿಕ್ಷಕರು ಮೊದಲೇ ಹೇಳಬೇಕು.)

ಈಗಿರುವ ಪತ್ರಿಕೆಯಲ್ಲಿ ಅಣೆಕಟ್ಟಿಗೆ ಕ್ರಮವಾಗಿ 14, 9, 11, 14, 12, 5, 9 ಅಂಕ ಬಂದವು ಎನ್ನೋಣ, ಒಟ್ಟು 74. ಕಲ್ಲಿನ ಪ್ರಯೋಗಕ್ಕೆ 13, 10, 12, 6, 8, 8, 6, ಒಟ್ಟು 63. ಅಂತರ 11. ಕಲ್ಲಿನ ಮಕ್ಕಳು ಸ್ವಂತಿಕೆಯಲ್ಲೂ ಚಿಂತನೆಯಲ್ಲೂ ಮುಂದಿದ್ದಾರೆ, ಆದರೆ ತಲಾ ಒಂದೇ ಅಂಕದಷ್ಟು. ಕರಕುಶಲವೊಂದೇ 8 ಅಂಕ ಹಿಂದಕ್ಕೆ ಎಳೆದಿದೆ. ಪರಿಚಿತ ಪರಿಹಾರವನ್ನು ಈಗ ಅನ್ವಯಿಸಿ ನೋಡೋಣ: ಕರಕುಶಲವನ್ನು 15ರಿಂದ 5ಕ್ಕೆ ಇಳಿಸಿ, ಆ 10 ಅಂಕಗಳನ್ನು ಚಿಂತನೆಗೆ ಸೇರಿಸಿ ಅದನ್ನು 25 ಮಾಡೋಣ. ಅದೇ ಅನುಪಾತದಲ್ಲಿ ಅಂಕ ಹಾಕಿದರೆ ಅಣೆಕಟ್ಟಿಗೆ 72, ಕಲ್ಲಿಗೆ 67. ಅಂತರ ಅರ್ಧಕ್ಕಿಂತ ಕೆಳಗಿಳಿಯಿತು, ಕ್ರಮ ಬದಲಾಗಲಿಲ್ಲ. ಚಿಂತನೆಯ ಅಂಕಣದಲ್ಲಿ ಇಬ್ಬರ ನಡುವೆ ಇದ್ದದ್ದೇ ಒಂದು ಅಂಕ. ಅದನ್ನು ಎಷ್ಟು ಹಿಗ್ಗಿಸಿದರೂ ಎರಡಾಗುವುದೂ ಕಷ್ಟ.

ಹಂಚಿಕೆಯನ್ನು ಮುಟ್ಟದೆ, ಚಿಂತನೆಗೆ ಅಂಕ ಕೊಡುವ ವಿಧಾನವನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ? ಅದಕ್ಕೆ ಮೊದಲು ಆ ವಿಧಾನವನ್ನು ವಿವರಿಸಬೇಕು. ಮಗುವಿಗೆ ತೀರ್ಪುಗಾರರು ಒಂದು ‘ಬದಲಾವಣೆಯ ಪ್ರಶ್ನೆ’ ಕೇಳುತ್ತಾರೆ: ಈ ಏರ್ಪಾಡಿನಲ್ಲಿ ಒಂದು ಸಂಗತಿಯನ್ನು ಬದಲಿಸಿದರೆ ಏನಾಗುತ್ತದೆ? ಉತ್ತರವನ್ನು ಐದು ಹಂತಗಳಲ್ಲಿ ಗುರುತಿಸುತ್ತಾರೆ. ಭಾಗಗಳ ಹೆಸರು ಮಾತ್ರ ಹೇಳಿದರೆ ಸೊನ್ನೆ. ಹೇಗೆ ನಡೆಯುತ್ತದೆ ಎಂದು ಕ್ರಮವಾಗಿ ಹೇಳಿ, ಬದಲಾವಣೆಯ ಪ್ರಶ್ನೆಗೆ ನಿಂತುಹೋದರೆ 1. ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ಎಂದು ಸರಿಯಾಗಿ ಹೇಳಿ, ಕಾರಣ ಹೇಳಲಾಗದಿದ್ದರೆ 2. ಸರಿಯಾದ ಕಾರಣ ಕೊಟ್ಟರೆ 3. ಕಾರಣದ ಜೊತೆಗೆ ತಮ್ಮ ಪ್ರಯೋಗದ ಮಿತಿಯನ್ನೂ, ತಮ್ಮ ಮಾತು ತಪ್ಪಿದ್ದರೆ ಅದು ಹೇಗೆ ಗೊತ್ತಾಗುತ್ತದೆ ಎಂಬುದನ್ನೂ ಹೇಳಿದರೆ 4. ಉತ್ತರದ ಒಳರಚನೆಯನ್ನು ನೋಡಿ ಹಂತ ಕಟ್ಟುವ ಈ ಕ್ರಮಕ್ಕೆ ಬಿಗ್ಸ್ ಮತ್ತು ಕಾಲಿಸ್ 1982ರಲ್ಲಿ ರೂಪಿಸಿದ ‘ಸೋಲೋ’ ವರ್ಗೀಕರಣದ ಹೋಲಿಕೆ ಇದೆ. ಆದರೆ ಮಿತಿಯ ಅರಿವನ್ನು ಮೇಲಿನ ಹಂತಕ್ಕೆ ತಂದದ್ದು ಪ್ರಯೋಗಕ್ಕೆ ಒಗ್ಗಿಸಲು ನಾನು ಮಾಡಿಕೊಂಡ ಬದಲಾವಣೆ.

ಅಣೆಕಟ್ಟಿನ ಮುಂದೆ ನಿಂತ ತೀರ್ಪುಗಾರರು ಕೇಳಬಹುದಾದ ಪ್ರಶ್ನೆ ಇದು: ತೊಟ್ಟಿಯಲ್ಲಿ ನೀರಿನ ಎತ್ತರ ಅರ್ಧಕ್ಕಿಳಿದರೆ ದೀಪ ಏನಾಗುತ್ತದೆ? ‘ನೀರ ಕಮ್ಮಿ ಆದ್ರ ಬೆಳಕ ಕಮ್ಮಿ ಆಗತೈತ್ರಿ’ ಎಂದರೆ 2. ಎತ್ತರ ಕಡಿಮೆಯಾದರೆ ನೀರು ಬೀಳುವ ರಭಸ ಕಡಿಮೆ, ಹೊರಬರುವ ನೀರೂ ಕಡಿಮೆ, ಎರಡೂ ಸೇರಿ ಶಕ್ತಿ ಕುಗ್ಗುತ್ತದೆ ಎಂದರೆ 3. ಎತ್ತರ ಅರ್ಧವಾದಾಗ ಅದೇ ತೂತಿನಿಂದ ಬರುವ ನೀರು ಸುಮಾರು ಏಳು ದಶಾಂಶಕ್ಕೆ ಇಳಿಯುವುದರಿಂದ ಶಕ್ತಿ ಮೂರನೇ ಒಂದು ಪಾಲಿನಷ್ಟಕ್ಕೆ ಬರುತ್ತದೆ. ಆದರೆ ಈ ಸಂಖ್ಯೆಯನ್ನು ಎಂಟನೆಯ ತರಗತಿಯಿಂದ ನಿರೀಕ್ಷಿಸಬೇಕಿಲ್ಲ. ಎರಡನೆಯ ಪ್ರಶ್ನೆ ಇನ್ನೂ ಸರಳ: ಬ್ಯಾಟರಿಯ ತಂತಿ ಬಿಚ್ಚಿದರೆ ದೀಪ ಉರಿಯುತ್ತದೆಯೆ? ಇಂಥ ಬಹುತೇಕ ಮಾದರಿಗಳಲ್ಲಿ ದೀಪಗಳು ಉರಿಯುವುದು ಬ್ಯಾಟರಿಯಿಂದಲೇ ಹೊರತು ನೀರಿನಿಂದಲ್ಲ. ಅದಕ್ಕೊಂದು ಕಾರಣವಿದೆ. ಮೂವತ್ತು ಸೆಂಟಿಮೀಟರ್ ಎತ್ತರದಿಂದ ಸೆಕೆಂಡಿಗೆ 100 ಮಿಲಿಲೀಟರ್ ನೀರು ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 0.3 ವ್ಯಾಟ್. ಆಟಿಕೆಯ ಚಕ್ರ ಮತ್ತು ಮೋಟಾರು ಅದರಲ್ಲಿ ಹತ್ತನೇ ಒಂದು ಪಾಲನ್ನು ವಿದ್ಯುತ್ತಾಗಿಸಿದರೂ 0.03 ವ್ಯಾಟ್ ಆಯಿತು. ಒಂದು ಸಣ್ಣ ಎಲ್‌ಇಡಿ ಪೂರ್ತಿ ಬೆಳಗಲು ಸುಮಾರು 0.06 ವ್ಯಾಟ್ ಬೇಕು. ಐದು ಲೀಟರಿನ ತೊಟ್ಟಿಯಾದರೆ ಐವತ್ತು ಸೆಕೆಂಡಿನಲ್ಲಿ ಖಾಲಿ. ಈ ಲೆಕ್ಕ ಮಾಡಿ, ‘ನಮ್ಮ ನೀರು ಒಂದು ದೀಪವನ್ನೂ ಚೆನ್ನಾಗಿ ಬೆಳಗಿಸಲಾರದು, ಆದ್ದರಿಂದ ಬ್ಯಾಟರಿ ಇಟ್ಟಿದ್ದೇವೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಆಗುವುದು ನೀರಿನ ಪ್ರಮಾಣ ಅಷ್ಟು ದೊಡ್ಡದಿರುವುದರಿಂದ’ ಎಂದು ಹೇಳುವ ಮಗುವಿಗೆ 4 ಕೊಡಲೇಬೇಕು, ಮಾದರಿಗೆ ಎಷ್ಟು ಸಾವಿರ ಖರ್ಚಾಗಿದ್ದರೂ. ಈ ವಿಧಾನ ದುಬಾರಿ ಮಾದರಿಯನ್ನು ಶಿಕ್ಷಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಹಣವಿರುವ ಮನೆಯ ಮಗು ಅರ್ಥ ಮಾಡಿಕೊಂಡಿದ್ದರೆ ಅದೂ ಗೆಲ್ಲಬೇಕು.

ಕಲ್ಲಿನ ಪ್ರಯೋಗದಲ್ಲಿ ಮಿತಿಯ ಅರಿವು ಇನ್ನೂ ಸ್ವಾರಸ್ಯಕರವಾಗಿ ಹೊರಬರುತ್ತದೆ. ಕಲ್ಲನ್ನು ಹಲವು ದಿನ ಬಿಸಿಲಿಗಿಟ್ಟು, ಎರಡು ದಿನದ ತೂಕ ಒಂದೇ ಆದ ಮೇಲೆ ಅದನ್ನು ಒಣ ತೂಕ ಎನ್ನಬೇಕು. 24 ಗಂಟೆ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿ, ಕೂಡಲೇ ತೂಗಬೇಕು. ಏರಿದ ತೂಕವನ್ನು ಒಣ ತೂಕದಿಂದ ಭಾಗಿಸಿದರೆ ಹೀರಿಕೆಯ ಶೇಕಡಾವಾರು ಸಿಗುತ್ತದೆ. ಮಕ್ಕಳು ನೂರು ಗ್ರಾಂ ತೂಕದ ಚೂರುಗಳನ್ನು ಬಳಸಿದ್ದರೆ ಮರಳುಗಲ್ಲು ಎರಡು ಮೂರು ಗ್ರಾಂ ಏರಬಹುದು. ಗ್ರಾನೈಟ್ ತೂಕ ಮಾತ್ರ ಅಲುಗುವುದೇ ಇಲ್ಲ, ಏಕೆಂದರೆ ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆಯದನ್ನು ತೋರಿಸುವುದಿಲ್ಲ. ಕಟ್ಟಡಕ್ಕೆ ಬಳಸುವ ಗ್ರಾನೈಟ್‌ಗೆ ಅಮೆರಿಕದ ಎಎಸ್‌ಟಿಎಂ ಮಾನಕ ಒಪ್ಪುವ ಗರಿಷ್ಠ ಹೀರಿಕೆ ಶೇ. 0.4. ಅಂದರೆ ನೂರು ಗ್ರಾಂಗೆ ಅರ್ಧ ಗ್ರಾಂ ಕೂಡ ಇಲ್ಲ. ಇಲ್ಲಿ ‘ಗ್ರಾನೈಟ್ ನೀರು ಹೀರುವುದಿಲ್ಲ’ ಎಂದು ಬರೆದ ಮಗುವಿಗೆ 2 ಅಥವಾ 3. ‘ನಮ್ಮ ತಕ್ಕಡಿಗೆ ಕಾಣುವಷ್ಟು ಹೀರಲಿಲ್ಲ; ದೊಡ್ಡ ಕಲ್ಲು ತಂದು ನೋಡಿದೆವು, 800 ಗ್ರಾಂನ ಕಲ್ಲು 802 ಆಯಿತು’ ಎಂದ ಮಗುವಿಗೆ 4. ತೂಗುವ ಮೊದಲು ಒರೆಸದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಒಳ್ಳೆಯ ಒರೆಗಲ್ಲು. ಅಷ್ಟು ದೊಡ್ಡ ಕಲ್ಲುಗಳಾದರೆ ಮೇಲ್ಮೈಗೆ ಅಂಟಿದ ಒಂದೆರಡು ಗ್ರಾಂ ನೀರು ಮರಳುಗಲ್ಲಿನ ಲೆಕ್ಕವನ್ನು ಅಷ್ಟಾಗಿ ಕೆಡಿಸದು. ಗ್ರಾನೈಟ್‌ನ ಲೆಕ್ಕವನ್ನು ಇಮ್ಮಡಿ ಮಾಡಿಬಿಡಬಹುದು. ಇದನ್ನು ಗ್ರಹಿಸಿದ ಮಗುವಿಗೆ ಅಳತೆಯ ಮರ್ಮ ತಿಳಿದಿದೆ.

ಈಗ ಲೆಕ್ಕಕ್ಕೆ ಮರಳೋಣ. ಕಲ್ಪಿಸಿದ ಪ್ರಸಂಗದಲ್ಲಿ ಅಣೆಕಟ್ಟಿನ ಮಗು ಬಾಯಿಪಾಠ ಒಪ್ಪಿಸಿ ಬದಲಾವಣೆಯ ಪ್ರಶ್ನೆಗೆ ನಿಂತುಹೋಯಿತು, ಹಂತ 1. ಕಲ್ಲಿನ ಮಗು ಹಂತ 3. ಹಳೆಯ ಹಂಚಿಕೆಯಲ್ಲೇ, 15 ಅಂಕದ ಚಿಂತನೆಯನ್ನು ಈ ಹಂತಗಳಿಂದ ಲೆಕ್ಕ ಹಾಕಿದರೆ ಒಬ್ಬರಿಗೆ ಸುಮಾರು 4, ಇನ್ನೊಬ್ಬರಿಗೆ 11. ಒಟ್ಟು 67 ಮತ್ತು 62. ಅಣೆಕಟ್ಟು ಈಗಲೂ ಮುಂದಿದೆ. ಎರಡೂ ತಿದ್ದುಪಡಿಗಳನ್ನು ಕೂಡಿಸಿದಾಗ ಮಾತ್ರ, ಅಂದರೆ ಕರಕುಶಲ 5, ಚಿಂತನೆ 25 ಮತ್ತು ಹಂತದ ಅಂಕ, ಅಣೆಕಟ್ಟಿಗೆ 60, ಕಲ್ಲಿಗೆ 66 ಆಗುತ್ತದೆ.

ಈ ಲೆಕ್ಕದ ಮೇಲೆ ನಿಂತು ನಾನು ಹೇಳುವ ಮಾತು ಇಷ್ಟು: ಅಂಕಗಳ ಮರುಹಂಚಿಕೆಯೊಂದೇ ಅರಿವಿಗೆ ನ್ಯಾಯ ಕೊಡುವುದಿಲ್ಲ, ಅರಿವಿನ ಅಂಕಣದಲ್ಲಿ ಅಂಕಗಳು ಹರಡುವಂತೆ ಮಾಡುವ ಪ್ರಶ್ನೆ ಮತ್ತು ಹಂತವಿವರಣೆ ಅದಕ್ಕಿಂತ ಮೊದಲು ಬರಬೇಕು. ಈ ಮಾತಿಗೆ ಕೆಲವು ನಿಬಂಧನೆಗಳನ್ನು ನಾನೇ ಹಾಕಬೇಕು. ಅಂಕಗಳು ಊಹೆಯವು, ಬೇರೆ ಊಹೆಯಲ್ಲಿ ಒಂದೇ ತಿದ್ದುಪಡಿ ಸಾಕಾಗಬಹುದು. ತೀರ್ಪುಗಾರರು ಎಲ್ಲೆಡೆ ಚಿಂತನೆಯ ಅಂಕಣದಲ್ಲಿ ಹೀಗೆ ಬಿಗಿಹಿಡಿಯುತ್ತಾರೆ ಎಂದೂ ಹೇಳಲಾರೆ. ವಿಷಯ ಚೆನ್ನಾಗಿ ಬಲ್ಲ, ಸಮಯವಿರುವ ತೀರ್ಪುಗಾರರು ಹಂತವಿವರಣೆ ಇಲ್ಲದೆಯೂ ಧೈರ್ಯವಾಗಿ ಅಂಕ ಹರಡಬಲ್ಲರು. ತಾಲೂಕು ಮಟ್ಟದಲ್ಲಿ ಭೌತವಿಜ್ಞಾನದ ಮಾದರಿಯನ್ನು ಜೀವವಿಜ್ಞಾನದ ಶಿಕ್ಷಕರು ನೋಡುವ ಸಂದರ್ಭ ಬರುತ್ತದೆ. ನನ್ನ ಮಾತು ಹೆಚ್ಚು ಅನ್ವಯಿಸುವುದು ಅಲ್ಲಿಗೆ.

ಇದೇ ದಿಕ್ಕಿನ ಎರಡು ಹಿಂದಿನ ಪ್ರಯತ್ನಗಳನ್ನು ನೆನೆಯಬಹುದು. ಮಧ್ಯಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ಪರೀಕ್ಷೆಗಳಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಪುಸ್ತಕ ತೆರೆದಿದ್ದಾಗ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ, ಹೊಸ ಸನ್ನಿವೇಶವನ್ನೇ ಕೇಳಬೇಕಾಗುತ್ತದೆ. ಬದಲಾವಣೆಯ ಪ್ರಶ್ನೆ ಇದರ ಮೌಖಿಕ ರೂಪ. ಅಮೆರಿಕದ ಅಂತರರಾಷ್ಟ್ರೀಯ ವಿಜ್ಞಾನ ಮೇಳದ ಪತ್ರಿಕೆಯಲ್ಲಿ ಮಂಡನೆಗೆ 35 ಅಂಕವಿದ್ದು, ಅದರಲ್ಲಿ ಪೋಸ್ಟರ್‌ಗೆ 10, ಸಂದರ್ಶನಕ್ಕೆ 25. ಫಲಿತಾಂಶದ ಮಿತಿಯ ಅರಿವು, ಸ್ವತಂತ್ರವಾಗಿ ಮಾಡಿದ ಪ್ರಮಾಣ ಇವುಗಳನ್ನು ಸಂದರ್ಶನದಲ್ಲೇ ನೋಡುತ್ತಾರೆ. ಕಾಣುವುದನ್ನೂ ಕೇಳಿ ತಿಳಿಯುವುದನ್ನೂ ಬೇರೆ ಮಾಡಿದ್ದು ಅಲ್ಲಿನ ಒಳ್ಳೆಯ ಅಂಶ.

ಬೇರೆ ಮಾಡುವುದನ್ನು ಇನ್ನೊಂದು ಹೆಜ್ಜೆ ಮುಂದೊಯ್ಯಬೇಕೆಂಬುದು ನನ್ನ ಸಲಹೆ: ಇನ್‌ಸ್ಪೈರ್-ಮಾನಕ್‌ನಲ್ಲಿ ಹಣಕ್ಕಿಂತ ಮೊದಲು ಆಲೋಚನೆಯನ್ನು ನೋಡುವಂತೆ, ಇಲ್ಲೂ ಮೊದಲ ಸುತ್ತಿನಲ್ಲಿ ಮಾದರಿಯೇ ಇರಬಾರದು. ಬೆಳಗ್ಗೆ ಮಕ್ಕಳು ತಮ್ಮ ದಾಖಲೆ ಪುಸ್ತಕ ಮತ್ತು ಕೈಯಿಂದ ಬರೆದ ಒಂದು ಚಿತ್ರದೊಂದಿಗೆ ತರಗತಿ ಕೋಣೆಯಲ್ಲಿ ಇಬ್ಬರು ತೀರ್ಪುಗಾರರ ಎದುರು ಕೂರಲಿ. ಮಾದರಿ ಹಾಲ್‌ನಲ್ಲಿ ಇರಲಿ. ಮಧ್ಯಾಹ್ನ ಬೇರೆ ತೀರ್ಪುಗಾರರು ಅದನ್ನು ನೋಡಲಿ. ಪ್ರತಿ ತಂಡಕ್ಕೆ ಎಂಟು ನಿಮಿಷದಂತೆ, ಮೂರು ಜೋಡಿ ತೀರ್ಪುಗಾರರಿದ್ದರೆ 40 ತಂಡಗಳ ಮೊದಲ ಸುತ್ತು ಎರಡು ಗಂಟೆಯೊಳಗೆ ಮುಗಿಯುತ್ತದೆ. ತಾಲೂಕು ಮಟ್ಟದ ಪ್ರದರ್ಶನಕ್ಕೆ ಇದು ಹೊರೆಯಲ್ಲ.

ಇಂಥ ದಿನಕ್ಕೆ ನಾನು ಸೂಚಿಸುವ ಪತ್ರಿಕೆಯಲ್ಲಿ ಎರಡು ಬದಲಾವಣೆಯ ಪ್ರಶ್ನೆಗಳಿಗೆ ತಲಾ 20ರಂತೆ 40 ಅಂಕ, ಪ್ರತಿ ಹಂತಕ್ಕೆ 5. ಪ್ರಶ್ನೆ ಮತ್ತು ವಿಧಾನಕ್ಕೆ 20: ಏನನ್ನು ಕೇಳಿದರು, ಯಾವುದನ್ನು ಬದಲಿಸಿ ಯಾವುದನ್ನು ಸ್ಥಿರವಾಗಿಟ್ಟರು. ದಾಖಲೆ ಪುಸ್ತಕಕ್ಕೆ 20. ಮಾದರಿಯಲ್ಲಿ ಮಗುವಿನ ಸ್ವಂತ ಕೈಕೆಲಸಕ್ಕೆ 10, ಹಾಲ್‌ನಲ್ಲಿ ನೋಡಲು ಬಂದವರಿಗೆ ವಿವರಿಸುವುದಕ್ಕೆ 10. ಕಡಿಮೆ ಖರ್ಚಿಗೆ ಅಂಕವೇ ಇಲ್ಲ. ಅದರ ಬದಲು ಪ್ರದರ್ಶನಕ್ಕೇ ಒಂದು ಖರ್ಚಿನ ಮಿತಿ ಇರಲಿ, ಅಂಗಡಿಯ ಚೀಟಿಗಳನ್ನು ದಾಖಲೆ ಪುಸ್ತಕದಲ್ಲಿ ಅಂಟಿಸಲಿ. ಮಿತಿ ಮೀರಿದ ಮಾದರಿ ಪ್ರದರ್ಶನಕ್ಕೆ ಬರಬಹುದು, ಕೈಕೆಲಸದ 10 ಅಂಕ ಮಾತ್ರ ಅದಕ್ಕಿಲ್ಲ.

ದಾಖಲೆ ಪುಸ್ತಕದ ಬಗ್ಗೆ ಒಂದು ಎಚ್ಚರಿಕೆ. ಹಿಂದಿನ ರಾತ್ರಿ ಒಂದೇ ಸಲ ಕೂತು ತುಂಬಿಸಿದ ಪುಸ್ತಕವನ್ನು ಗುರುತಿಸುವುದು ಕಷ್ಟವಲ್ಲ. ಎಲ್ಲ ದಿನಾಂಕಗಳಿಗೂ ಒಂದೇ ಪೆನ್ನು, ಒಂದೇ ಓರೆ, ಅಳತೆಗಳೆಲ್ಲ ಐದರ ಅಥವಾ ಹತ್ತರ ಗುಣಕಗಳು, ಕೆಟ್ಟುಹೋದ ಒಂದು ಪ್ರಯತ್ನವೂ ಇಲ್ಲ. ಆದರೆ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು, ಚೊಕ್ಕವಾಗಿ ನಕಲು ಮಾಡಿ ತರಬೇಕೆಂದು ಮನೆಯಲ್ಲೂ ಶಾಲೆಯಲ್ಲೂ ಹೇಳಿಸಿಕೊಂಡ ಮಕ್ಕಳಿದ್ದಾರೆ. ನಡುವಿನ ಒಂದು ಪುಟ ತೆರೆದು ‘ಈ ದಿನದ ತೂಕ ಹಿಂದಿನ ದಿನಕ್ಕಿಂತ ಯಾಕೆ ಹೆಚ್ಚು?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ತಾನೇ ತೂಗಿದ ಮಗುವಿಗೆ ಆ ದಿನ ಮಳೆ ಬಂದಿತ್ತೋ, ಕಲ್ಲು ನೆರಳಿನಲ್ಲಿತ್ತೋ ನೆನಪಿರುತ್ತದೆ.

ತೀರ್ಪುಗಾರರ ಹೊಂದಾಣಿಕೆಗೆ ಬೇಕಾದದ್ದು ಸ್ವಲ್ಪವೇ. ದಿನದ ಆರಂಭದಲ್ಲಿ ಎಲ್ಲರೂ ಒಂದೆರಡು ತಂಡಗಳನ್ನು ಒಟ್ಟಿಗೆ ನೋಡಿ, ಪ್ರತ್ಯೇಕವಾಗಿ ಹಂತ ಬರೆದು, ಏಕೆ ಹಾಗೆ ಬರೆದೆವು ಎಂದು ಮಾತಾಡಿಕೊಳ್ಳಬೇಕು. ಆಮೇಲೆ ಒಂದು ಜೋಡಿಯೊಳಗೆ ಒಂದು ಹಂತಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಎಲ್ಲರ ಅಂಕವನ್ನೂ ಸುಮ್ಮನೆ ಸರಾಸರಿ ಮಾಡಿದರೆ ಆ ಅಂತರ ಏಕೆ ಬಂತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಈ ಕ್ರಮದ ಮೇಲಿನ ಅತಿ ಗಟ್ಟಿಯಾದ ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಮಾತಿನಿಂದ ಅರಿವನ್ನು ಅಳೆದರೆ ಮಾತುಗಾರ ಮಗುವಿಗೆ ಲಾಭವಾಗುವುದಿಲ್ಲವೆ? ಇಳಕಲ್ಲಿನಲ್ಲೂ ಬಾಗಲಕೋಟೆಯಲ್ಲೂ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಪುಸ್ತಕದ ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕ ಎರಡನೆಯ ಭಾಷೆ. ಹಣದ ಅಸಮಾನತೆಯನ್ನು ತೆಗೆದು ಮಾತಿನ ಅಸಮಾನತೆಯನ್ನು ಕೂರಿಸಿದರೆ ನಷ್ಟವೇ ಆಯಿತು. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಕಡಿಮೆ ಮಾಡುವ ದಾರಿ ಮಾತ್ರ ಸೂಚಿಸಬಲ್ಲೆ. ಹಂತವಿವರಣೆಯಲ್ಲಿ ಭಾಷೆಯ ಶುದ್ಧಿಗೆ ಜಾಗವಿಲ್ಲ. ‘ಹೀರತದ್ರಿ’ ಎಂದರೂ ‘ಹೀರಿಕೊಳ್ಳುತ್ತದೆ’ ಎಂದರೂ ಒಂದೇ ಹಂತ. ಉತ್ತರವನ್ನು ಚಿತ್ರ ಬರೆದು, ಕೈಯಿಂದ ಮಾಡಿ ತೋರಿಸಿ ಹೇಳಬಹುದು: ಎರಡು ಲೋಟಗಳಲ್ಲಿ ಯಾವುದು ಮೊದಲು ಖಾಲಿಯಾಗುತ್ತದೆ ಎಂದು ಬೆರಳಿಟ್ಟು ತೋರಿಸಿದ ಮಗು ಹಂತ 2 ಮುಟ್ಟಿದಂತೆಯೇ. ಕಾರಣವನ್ನು ಮನೆಮಾತಿನಲ್ಲಿ ಹೇಳಲು ಬಿಡಬೇಕು. ತಿಳಿಯುವ ಶಿಕ್ಷಕರೊಬ್ಬರು ಪಕ್ಕದಲ್ಲಿರಲಿ, ಆದರೆ ಅವರು ಆ ತಂಡದ ಮಾರ್ಗದರ್ಶಿಯಾಗಿರಬಾರದು. ಇಷ್ಟಾದರೂ 3 ಮತ್ತು 4ನೇ ಹಂತಗಳಿಗೆ ಒಂದಷ್ಟು ಮಾತು ಬೇಕೇ ಬೇಕು.

ಖರ್ಚಿನ ಲೆಕ್ಕದಲ್ಲೂ ಒಂದು ಗಂಟು ಬಿಚ್ಚದೆ ಉಳಿದಿದೆ. ಹಳೆಯ ಆಟಿಕೆಯಿಂದ ಕಿತ್ತ ಮೋಟಾರಿಗೆ ಎಷ್ಟು ಬೆಲೆ ಹಾಕಬೇಕು? ಸೊನ್ನೆ ಎಂದರೆ ಅಪ್ಪನ ವರ್ಕ್‌ಶಾಪ್ ಇರುವ ಮಗುವಿಗೆ ಅನುಕೂಲ. ಅಂಗಡಿಯ ಬೆಲೆ ಎಂದರೆ ಗುಜರಿ ಹುಡುಕಿ ತಂದ ಮಗುವಿಗೆ ಅನ್ಯಾಯ. ಅದೇ ಊರಿನ ಇನ್ನೊಂದು ಮಗುವಿಗೂ ಸುಲಭವಾಗಿ ಸಿಗುವ ಹಳೆಯ ವಸ್ತುವಿಗೆ ಸೊನ್ನೆ, ಉಳಿದದ್ದಕ್ಕೆ ಅಂಗಡಿ ಬೆಲೆ ಎಂಬ ನಿಯಮ ಸಾಧ್ಯ. ಆದರೆ ‘ಸುಲಭವಾಗಿ’ ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ ವಾದ ಮತ್ತೆ ಹುಟ್ಟುತ್ತದೆ.

ಇಲ್ಲಿನ ಮುಖ್ಯ ಪ್ರತಿಪಾದನೆಯನ್ನು ಪರೀಕ್ಷಿಸುವುದು ದುಬಾರಿ ಕೆಲಸವಲ್ಲ. ಇಳಕಲ್ಲಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಂಥ ಸಂಸ್ಥೆ ಒಂದು ತಾಲೂಕಿನ ಪ್ರದರ್ಶನದಲ್ಲಿ ಎರಡೂ ಪತ್ರಿಕೆಗಳನ್ನು ಬೇರೆಬೇರೆ ತೀರ್ಪುಗಾರರಿಂದ ತುಂಬಿಸಬಹುದು. ಪ್ರತಿ ಅಂಕಣದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ, ಪ್ರತಿ ಅಂಕಣಕ್ಕೂ ಅಂತಿಮ ಕ್ರಮಕ್ಕೂ ಇರುವ ಹೊಂದಿಕೆ, ಮತ್ತು ಮಕ್ಕಳ ಮನೆಮಾತು, ಈ ಮೂರನ್ನು ಬರೆದಿಟ್ಟರೆ ಸಾಕು. ಚಿಂತನೆಯ ಅಂಕಣ ಹಳೆಯ ಪತ್ರಿಕೆಯಲ್ಲೂ ಅಗಲವಾಗಿ ಹರಡಿದ್ದರೆ ನನ್ನ ವಾದ ಆ ತಾಲೂಕಿನ ಮಟ್ಟಿಗೆ ಬಿದ್ದುಹೋಗುತ್ತದೆ. ಹೊಸ ಪತ್ರಿಕೆಯಲ್ಲಿ ಮೇಲಿನ ಹಂತಗಳು ಒಂದೇ ಮನೆಮಾತಿನ ಮಕ್ಕಳಿಗೆ ಗುಂಪಾಗಿ ಹೋದರೆ, ಪ್ರಶ್ನೆ ಕೇಳುವ ಕ್ರಮವನ್ನೇ ಬದಲಿಸಬೇಕಾಗುತ್ತದೆ; ಅದನ್ನು ಹೇಗೆ ಬದಲಿಸಬೇಕು ಎಂಬುದನ್ನು ಆ ಅಂಕಿಗಳನ್ನು ಕಂಡ ಮೇಲೆಯೇ ಹೇಳಬಹುದು.